ಐದು ಪದದ ಚೀಟಿ

ರಾಣೆಬೆನ್ನೂರಿನಲ್ಲಿ ಬಿ.ಎ. ಓದುವಾಗ, ಬಿಟ್ಟಸ್ಥಳ ತುಂಬುವ ಪರೀಕ್ಷೆಗೆ ಒಂದೊಂದು ಪದ, ಟಿಪ್ಪಣಿಗೆ ಎರಡೆರಡು ಸಾಲು, ದೊಡ್ಡ ಉತ್ತರಕ್ಕೆ ಪೂರ್ತಿ ಪ್ಯಾರಾ ಬರೆದು ಓದುತ್ತಿದ್ದೆ. ಪ್ಯಾರಾ ಬಾಯಿಗೆ ಬಂದಮೇಲೆ ಅದನ್ನು ನೆನಪಿಸುವ ಒಂದೇ ಪದ ಉಳಿಸಿಕೊಳ್ಳುತ್ತಿದ್ದೆ. ಇತಿಹಾಸದ ಪರೀಕ್ಷೆಯ ದಿನ ಅಂಥ ಐದು ಪದಗಳ ಚೀಟಿ ಬಾಗಿಲಲ್ಲೇ ಮೇಲ್ವಿಚಾರಕರ ಕೈಗೆ ಸಿಕ್ಕಿತು.

“ಕಾಪಿ ಹೊಡಿಯಾಕ ತಂದೀಯೇನು?”

“ದೊಡ್ಡ ಉತ್ತರದ ಪರೀಕ್ಷೆರೀ ಸರ್. ಐದು ಪದದಾಗ ಏನು ಕಾಪಿ ಹೊಡೀಲಿ?”

ಮೊದಲ ಪದ ಓದಿ, “ಹಂಗಾರ ಇದನ್ನ ಹೇಳು” ಎಂದರು. ಪ್ಯಾರಾ ಪೂರ್ತಿ ಒಪ್ಪಿಸಿದೆ. ಅವರ ಮುಖದ ಗಂಟು ಸಡಿಲಲಿಲ್ಲ.

“ಇಷ್ಟೆಲ್ಲಾ ಬರತೈತಿ ಅಂದ್ರ ಚೀಟಿ ಯಾಕ ಬೇಕಾತು?”

ಒಳ್ಳೆಯ ಪ್ರಶ್ನೆ. ಚೀಟಿಯನ್ನು ತಮ್ಮ ಕಿಸೆಗಿಟ್ಟುಕೊಂಡು, ಮೂರು ತಾಸೂ ನನ್ನ ಬೆಂಚಿನ ಪಕ್ಕದಲ್ಲೇ ನಿಂತು ಉತ್ತರಕ್ಕೆ ಕಾದರು.