ಚಟ್ ಎನ್ನದ ಖಾಕ್ರಾ

ಪಾರ್ಶ್ವವಾಯು ಬಡಿದ ಮೇಲೂ ಖಾಕ್ರಾ, ಅಂದರೆ ಹಪ್ಪಳದಂಥ ಗರಿಗರಿ ಗುಜರಾತಿ ರೊಟ್ಟಿ, ಒತ್ತೋದು ತನ್ನದೇ ಕೆಲಸ ಅಂತ ಗಂಡನ ಹಟ. ಹೆಂಡತಿ ತೆಳ್ಳಗೆ ಲಟ್ಟಿಸಿ, ಸಣ್ಣ ಉರಿಯ ತವಾದ ಮೇಲೆ ಹಾಕಿದಳು. ಅವನು ಮಡಚಿದ ಬಟ್ಟೆಯಿಂದ ಒತ್ತಿದ. ಕೈಯಲ್ಲಿ ಬಲ ಎಲ್ಲಿದೆ? ಹಾಳಾದ ರೊಟ್ಟಿ ಬುಸ್ಸೆಂದು ಉಬ್ಬಿತು. ಉಬ್ಬಿದ ಮೇಲೆ ಅದು ಗರಿಗರಿ ಆಗೋದೆಲ್ಲಿಂದ!

"ಮುರಿದು ನೋಡೇ, ಆಯ್ತಾ?"

ದಿನಾ ಅವಳು ಅವನಿಗೆ ಬೆನ್ನು ಮಾಡಿ ಗೋಡೆಗೂಡಿನ ಕಡೆ ತಿರುಗಿ, ಕಾಯಿಲೆಗೆ ಮುಂಚೆ ಅವನೇ ಒತ್ತಿದ್ದ ಖಾಕ್ರಾವೊಂದನ್ನು ಡಬ್ಬಿಯಿಂದ ತೆಗೆದು ಚಟ್ಟನೆ ಮುರಿಯುತ್ತಿದ್ದಳು. ಆ ಸದ್ದಿಗೆ ಅವನ ಮುಖ ಅರಳುತ್ತಿತ್ತು.

ಇವತ್ತು ಡಬ್ಬಿಯಲ್ಲಿ ಬರೀ ಪುಡಿ.

"ಯಾಕೇ, ನನಗೆ ಕೇಳಿಸಲೇ ಇಲ್ವಲ್ಲ?"

ಅವಳು ತವಾದಿಂದ ತೆಗೆದ ಆ ರೊಟ್ಟಿಯನ್ನೇ ಮುರಿಯಲು ನೋಡಿದಳು. ಅದು ಕರವಸ್ತ್ರದ ಹಾಗೆ ಮಡಚಿಕೊಂಡಿತು.

"ಇನ್ನೊಂದ್ಸಲ ಮುರಿಯೇ," ಅಂದ ಅವನು, ಕಿವಿಗೆ ಕೈಯಿಟ್ಟು.