ಮೌಲಾನಾರಿಗೆ ಬರೆದ ಎರಡು ಪತ್ರಗಳು

ಬೀಳಗಿ ತಾಲೂಕಿನ ಒಂದು ಪುನರ್ವಸತಿ ಕೇಂದ್ರದ ಸರಕಾರಿ ಶಾಲೆಯಲ್ಲಿ ನಾನು ಏಳನೆಯ ತರಗತಿಗೆ ಸಮಾಜ ವಿಜ್ಞಾನ ಕಲಿಸುತ್ತಿದ್ದ ಕಾಲವದು. ಹಳೆಯ ಊರು ಕೃಷ್ಣೆಯ ಹಿನ್ನೀರಿನಲ್ಲಿ ಮುಳುಗಿ ಕೆಲವೇ ವರ್ಷಗಳಾಗಿದ್ದವು. ಹೊಸ ಊರಿನ ರಸ್ತೆಗಳು ಗೆರೆ ಎಳೆದಂತೆ ನೇರವಾಗಿದ್ದವು. ಬೇವಿನ ಗಿಡಗಳು ಇನ್ನೂ ನನ್ನ ಎದೆಯೆತ್ತರಕ್ಕೆ ಬಂದಿರಲಿಲ್ಲ. ನಾನು ರಬಕವಿಯ ನೇಕಾರರ ಮನೆಯವಳು. ನೀರಿಗೆ ಊರು ಬಿಟ್ಟುಕೊಟ್ಟವರ ನಡುವೆ ಹೊರಗಿನವಳು.

ಆ ವರ್ಷ ಊರಿನ ಧರ್ಮಗುರುಗಳನ್ನು ಒಬ್ಬೊಬ್ಬರಾಗಿ ತರಗತಿಗೆ ಕರೆಯಬೇಕೆಂದು ನನಗೆ ಅನ್ನಿಸಿತು. ಪಾಠದ ಪುಸ್ತಕದಲ್ಲಿ ಪ್ರತಿ ಧರ್ಮಕ್ಕೂ ಅರ್ಧ ಪುಟವಿತ್ತು, ಅದನ್ನು ಮಕ್ಕಳು ಗಟ್ಟಿ ಮಾಡಿ ಒಪ್ಪಿಸುತ್ತಿದ್ದರು. ಮೊದಲು ಮಠದ ಅಜ್ಜಾರು ಬಂದರು. ಅವರನ್ನು ಬಾಯಿಮಾತಿನಲ್ಲೇ ಕರೆದಿದ್ದೆ. ಅವರು ಮಕ್ಕಳ ಕಣ್ಣು ಮುಚ್ಚಿಸಿ ಪಂಚಾಕ್ಷರಿ ಹೇಳಿಸಿದರು, ಹಣೆಗೆ ವಿಭೂತಿ ಹಚ್ಚಿದರು. ನನಗೆ ಅದರಲ್ಲಿ ಏನೂ ತಪ್ಪು ಕಾಣಲಿಲ್ಲ.

ಎರಡನೆಯವರು ಮಸೀದಿಯ ಇಮಾಮರು. ಊರವರು ಅವರನ್ನು ಮೌಲಾನಾ ಎನ್ನುತ್ತಿದ್ದರು. ಈ ಸಲ ಹೆಡ್ ಮಾಸ್ತರರು ಎಚ್ಚರದಿಂದಿದ್ದರು.

"ಬಾಯಿಮಾತು ಬ್ಯಾಡ ಅಕ್ಕೋರ, ಸಾಲಿ ಲೆಟರ್‌ಹೆಡ್‌ನ್ಯಾಗ ಬರೀರಿ. ಕಳಿಸೋ ಪತ್ರದ ರಜಿಸ್ಟರಿನ್ಯಾಗ ಏರಿಸಿ ಜಾವಕ ನಂಬರ್ ಹಾಕ್ರಿ. ಪ್ರಚಾರ ಗಿಚಾರ ಮಾಡಬಾರದು ಅಂತ ಒಂದ್ ಸಾಲು ಸೇರಿಸ್ರಿ," ಎಂದರು.

ನಾನು ಹಾಗೆಯೇ ಬರೆದೆ. ಶುಕ್ರವಾರ ಮಧ್ಯಾಹ್ನ ಒಂದೂವರೆಗೆ ಬರಬೇಕು. ತಮ್ಮ ಧರ್ಮದ ಬಗ್ಗೆ ಮಾತನಾಡಬೇಕು. ಧರ್ಮಪ್ರಚಾರ ಮಾಡತಕ್ಕದ್ದಲ್ಲ, ಮಕ್ಕಳಿಂದ ಪ್ರಾರ್ಥನೆ ಮಾಡಿಸತಕ್ಕದ್ದಲ್ಲ. ಜೊತೆಗೆ ಮಕ್ಕಳು ಬರೆದುಕೊಟ್ಟ ಪ್ರಶ್ನೆಗಳ ಹಾಳೆಯನ್ನು ಇಟ್ಟೆ. ಅದರಲ್ಲಿ ಒಂದು ಪ್ರಶ್ನೆಯನ್ನು ನೀಲಿ ಪೆನ್ನಿನಿಂದ ಹೊಡೆದುಹಾಕಿದ್ದೆ. ಲಕೋಟೆಯನ್ನು ನಾನೇ ಒಯ್ದು ಮಸೀದಿಯ ಬಾಗಿಲಲ್ಲಿ ಕೊಟ್ಟು ಬಂದೆ.

ಮರುದಿನ ಮೌಲಾನಾ ಶಾಲೆಯ ಆಫೀಸಿಗೆ ಬಂದರು. ಹೆಡ್ ಮಾಸ್ತರರೂ ಅಲ್ಲೇ ಇದ್ದರು. ಐವತ್ತು ದಾಟಿದ, ಸಣಕಲು ದೇಹದ ಮನುಷ್ಯ. ನಾಲ್ಕನೆಯ ತರಗತಿಯವರೆಗೆ ಮುಳುಗಿದ ಊರಿನ ಕನ್ನಡ ಶಾಲೆಯಲ್ಲಿ ಓದಿ, ಆಮೇಲೆ ವಿಜಾಪುರದ ಮದರಸಾಕ್ಕೆ ಹೋಗಿದ್ದರಂತೆ. ಪತ್ರ ಅವರ ಕೈಯಲ್ಲೇ ಇತ್ತು.

"ಅಕ್ಕೋರ, ಶುಕ್ರವಾರ ಜುಮ್ಮಾ ನಮಾಜ್ ಇರ್ತೈತ್ರಿ. ಆ ಹೊತ್ತಿಗೆ ನಾ ಬಿಟ್ಟು ಬರಾಕ ಆಗೂದಿಲ್ಲ," ಎಂದರು.

ನನಗೆ ನಾಚಿಕೆಯಾಯಿತು. ಶುಕ್ರವಾರದ ನಮಾಜು ಯಾರಿಗೆ ಗೊತ್ತಿಲ್ಲ? ನಾನು ವೇಳಾಪಟ್ಟಿ ನೋಡಿದ್ದೆ, ಅವರ ದಿನವನ್ನು ನೋಡಿರಲಿಲ್ಲ.

ಅವರು ಪತ್ರವನ್ನು ಮೇಜಿನ ಮೇಲೆ ಬಿಚ್ಚಿ, ಪ್ರಚಾರದ ಆ ಸಾಲಿನ ಮೇಲೆ ಬೆರಳಿಟ್ಟರು. ದನಿ ಏರಲಿಲ್ಲ.

"ಇದನ್ನ ನಾ ಒಪ್ಪತೇನ್ರಿ. ಸಾಲಿಯೊಳಗ ಯಾರೂ ಪ್ರಚಾರ ಮಾಡಬಾರದು, ಖರೆ ಐತಿ. ಆದ್ರ ಒಂದ್ ಮಾತು ಕೇಳ್ಲಿ? ಮಠದ ಅಜ್ಜಾರಿಗೂ ಈ ಸಾಲು ಬರದ ಕೊಟ್ಟಿದ್ರೇನ್ರಿ?"

ನಾನು ಹೆಡ್ ಮಾಸ್ತರರ ಕಡೆ ನೋಡಿದೆ. ಅವರು ಹಾಜರಿ ಪುಸ್ತಕ ತಿರುವಿ ಹಾಕತೊಡಗಿದರು.

"ಇಲ್ರಿ," ಎಂದೆ.

"ನನ್ನ ಮಗಳೂ ನಿಮ್ಮ ಕ್ಲಾಸಿನ್ಯಾಗ ಅದಾಳ್ರಿ. ಅವತ್ತ ವಿಭೂತಿ ಹಚ್ಕೊಂಡ ಮನಿಗೆ ಬಂದ್ಳು. ನಾ ಏನೂ ಅನ್ಲಿಲ್ಲ, ತೊಳಕೋ ಅಂದೆ ಅಷ್ಟ." ಪತ್ರವನ್ನು ಮಡಚಿ ನನ್ನ ಕೈಗೆ ಕೊಟ್ಟು ಎದ್ದರು. "ವಿಚಾರ ಮಾಡ್ರಿ. ನಾ ಬರೂದಿಲ್ಲ ಅನ್ನಂಗಿಲ್ಲ."

ಆ ಸಂಜೆ ರಬಕವಿಗೆ ಬಸ್ಸಿನಲ್ಲಿ ಹೋಗುವಾಗ ಆ ಹುಡುಗಿಯ ಹಣೆಯೇ ಕಣ್ಣ ಮುಂದಿತ್ತು. ಅವಳು ಅವತ್ತು ಸುಮ್ಮನೆ ಕುಳಿತಿದ್ದಳು. ಸುಮ್ಮನೆ ಕುಳಿತದ್ದನ್ನು ನಾನು ಒಪ್ಪಿಗೆ ಅಂದುಕೊಂಡಿದ್ದೆ.

ಎರಡು ದಿನ ಕೂತು ಪತ್ರವನ್ನು ಮೊದಲಿನಿಂದ ಬರೆದೆ. ಬುಧವಾರ ಮಧ್ಯಾಹ್ನ ಮೂರಕ್ಕೆ, ಅಂದರೆ ಅವರ ಮಧ್ಯಾಹ್ನದ ನಮಾಜು ಮುಗಿದ ಮೇಲೆ, ಮುಂದಿನದಕ್ಕೆ ಸಾಕಷ್ಟು ಹೊತ್ತು ಇರುವಾಗ. ಮಕ್ಕಳು ನಲವತ್ತೊಂದು, ವಯಸ್ಸು ಹನ್ನೆರಡು ಹದಿಮೂರು. ಇಪ್ಪತ್ತು ನಿಮಿಷ ಮಾತು, ಉಳಿದದ್ದು ಪ್ರಶ್ನೆಗೆ. ನಾನು ತರಗತಿಯಲ್ಲೇ ಇರುತ್ತೇನೆ. ಆಮೇಲೆ ಬರೆದೆ: "ತಾವು 'ನಾವು ಹೀಗೆ ನಂಬುತ್ತೇವೆ, ಹೀಗೆ ಆಚರಿಸುತ್ತೇವೆ' ಎಂದು ತಿಳಿಸಿಕೊಡಬೇಕು. ಮಕ್ಕಳಿಂದ ಯಾವ ಆಚರಣೆಯನ್ನೂ ಮಾಡಿಸುವುದು ಬೇಡ, ಒಂದು ಧರ್ಮವನ್ನು ಇನ್ನೊಂದಕ್ಕೆ ಹೋಲಿಸುವುದೂ ಬೇಡ. ಉತ್ತರ ಹೇಳಲು ಮನಸ್ಸಿಲ್ಲದ ಪ್ರಶ್ನೆಯನ್ನು ಬಿಡಬಹುದು. ಈ ಮಾತು ನಮ್ಮ ತರಗತಿಗೆ ಬರುವ ಎಲ್ಲ ಅತಿಥಿಗಳಿಗೂ ಒಂದೇ."

ಅದರ ಒಂದು ಪ್ರತಿಯನ್ನು ಮಠಕ್ಕೂ ಒಯ್ದೆ. ಮೌಲಾನಾರ ಮಗಳ ವಿಭೂತಿಯ ಸಂಗತಿಯನ್ನೂ ಹೇಳಿದೆ. ಅಜ್ಜಾರು ಕನ್ನಡಕ ಏರಿಸಿ ಎರಡು ಸಲ ಓದಿದರು. "ಮದಲ ಹೇಳಿದ್ರ ನಾ ವಿಭೂತಿ ಚೀಲ ತರತಿದ್ದಿಲ್ಲವ್ವಾ," ಎಂದು ನಕ್ಕರು. ಕನ್ನಡಕ ಇಳಿಸಿ, "ಆ ಹುಡುಗಿ ತಂದಿಗೆ ನನ್ನ ಹೆಸರ್ಲೇ ಹೇಳು, ತಿಳೀಲಿಲ್ಲ ಅಂತ," ಎಂದರು. ಹೊಸ ಪತ್ರ ಕೊಡುವಾಗ ಮೌಲಾನಾರಿಗೆ ಅದನ್ನು ಹೇಳಿದೆ, ಅವರು ಬರಲು ಒಪ್ಪಿದರು.

ಶಾಲಾ ಸಮಿತಿಯ ಅಧ್ಯಕ್ಷರಿಗೂ ತೋರಿಸಬೇಕಿತ್ತು. ಅವರು ಕುರಿ ಸಾಕುವ ಹಾಲುಮತ ಮನೆತನದವರು, ಬೀರೇಶ್ವರನ ಭಕ್ತರು. ಹೆಗಲ ಮೇಲೆ ಸದಾ ಕರಿ ಕಂಬಳಿ. ನಾನು ಓದಿ ಹೇಳಿದೆ. ಅವರು, "ಪಾಲಕರಿಗೂ ಚೀಟಿ ಕಳಸ್ರಿ. ಮಗನ್ನ ಕೂಡ್ರಸಾಕ ಮನಸ್ಸಿಲ್ಲ ಅನ್ನಾವ್ರು ಮದಲ ಹೇಳ್ಲಿ. ನಾನೂ ಬಂದ ಹಿಂದ ಕೂಡತೇನಿ," ಎಂದರು. ಚೀಟಿ ಹೋಯಿತು. ಒಬ್ಬರೂ ಬೇಡ ಎನ್ನಲಿಲ್ಲ.

ಮಂಗಳವಾರ ಮಕ್ಕಳನ್ನು ತಯಾರು ಮಾಡಿದೆ. ನನ್ನ ಟಿಪ್ಪಣಿ ಒಂದೂವರೆ ಪುಟದ್ದು. ಬಂದವರಿಗೆ ನಮಸ್ಕಾರ ಎಂದರೆ ಸಾಕು. ಮೌಲಾನಾ ಸಾಹೇಬ್ರ ಎಂದು ಕರೆಯಬೇಕು. "ನಿಮ್ಮ ಮಂದಿ ಯಾಕ ಹಿಂಗ ಮಾಡ್ತಾರು" ಎಂದು ಕೇಳಬಾರದು, "ಇದರ ಅರ್ಥ ಏನ್ರಿ" ಎಂದು ಕೇಳಬೇಕು. ಮೌಲಾನಾರ ಮಗಳ ಕಡೆಗೆ ತಿರುಗಿ ಯಾರೂ ಉತ್ತರ ಕೇಳಬಾರದು. ಅವಳೂ ನಿಮ್ಮಂತೆ ವಿದ್ಯಾರ್ಥಿನಿ. ಈ ಕೊನೆಯ ಮಾತು ಹೇಳಿದಾಗ ಅವಳು ಮೊದಲ ಸಲ ತಲೆಯೆತ್ತಿದಳು.

ಬುಧವಾರ ಮೌಲಾನಾ ಬಿಳಿ ಜುಬ್ಬಾದಲ್ಲಿ ಬಂದರು. ದಿನಕ್ಕೆ ಐದು ಸಲದ ನಮಾಜು, ಬಾಂಗು ಕೂಗುವುದೇಕೆ, ಉಪವಾಸದ ತಿಂಗಳಲ್ಲಿ ಸಣ್ಣ ಮಕ್ಕಳು ಏನು ಮಾಡುತ್ತಾರೆ ಎಂಬುದನ್ನೆಲ್ಲ ಸರಳವಾಗಿ ಹೇಳಿದರು. ಪ್ರಶ್ನೆಗಳು ಮುಗಿಯುವ ಹೊತ್ತಿಗೆ ಅವರು ಮೊದಲ ಲಕೋಟೆಯಲ್ಲಿದ್ದ ಹಾಳೆಯನ್ನು ಜೇಬಿನಿಂದ ತೆಗೆದರು. ಅದು ಅವರ ಬಳಿಯೇ ಉಳಿದಿತ್ತು.

"ಅಕ್ಕೋರ, ಇಲ್ಲಿ ಒಂದು ಪ್ರಶ್ನಿ ಹೊಡದ ಹಾಕೀರಿ. ಆದ್ರೂ ಓದಾಕ ಬರ್ತೈತಿ. ಹೇಳ್ಲೇನ್ರಿ?"

ಆ ಪ್ರಶ್ನೆ ಅಧ್ಯಕ್ಷರ ಮೊಮ್ಮಗಳದು: "ನಮ್ಮ ದೇವರನ್ನ ಡೊಳ್ಳು ಬಡಕೊಂತ ಹೊಸ ಊರಿಗೆ ತಂದಿವಿ. ನಿಮ್ಮ ಮಸೂತಿ ಹ್ಯಾಂಗ ತಂದ್ರಿ?" ಮುಳುಗಿದ ಊರಿನ ಮಾತು ಬಂದರೆ ದೊಡ್ಡವರು ಕಣ್ಣೊರೆಸಿಕೊಳ್ಳುವುದನ್ನು ನೋಡಿದ್ದೆ. ಅದಕ್ಕೇ ಹೊಡೆದುಹಾಕಿದ್ದೆ. ಈಗ ಅವರೇ ಕೇಳುತ್ತಿದ್ದರು. ಹೂಂ ಎಂದೆ.

"ನಮ್ಮಲ್ಲಿ ಮೂರ್ತಿ ಇರೂದಿಲ್ಲ ತಂಗಿ. ಮಂದಿ ಸಾಲಾಗಿ ನಿಂತ್ರ ಅದ ಮಸೂತಿ. ಬಾಗಲಾ ಬಿಚ್ಚಿ ತಂದ್ವಿ, ಚಾಪಿ ತಂದ್ವಿ, ಕಿತಾಬ ತಂದ್ವಿ. ಆರು ತಿಂಗಳ ತಗಡಿನ ಕೆಳಗ ನಮಾಜ್ ಮಾಡಿದ್ವಿ." ಹಾಳೆಯನ್ನು ಮಡಚಿ ಜೇಬಿಗಿಟ್ಟರು. "ಕಬರಸ್ತಾನ ಮಾತ್ರ ತರಾಕ ಆಗಲಿಲ್ಲ. ನಮ್ಮ ಅಪ್ಪ ಅಲ್ಲೇ ಅದಾನ. ಬ್ಯಾಸಗಿಯೊಳಗ ನೀರ ಸರದಾಗ ಹೋಗಿ ಅವನ ಸಲುವಾಗಿ ಫಾತಿಹಾ ಪ್ರಾರ್ಥನಿ ಓದಿ ಬರತೇನಿ."

"ನಮ್ಮ ಅಜ್ಜನ ಅಪ್ಪನೂ ಅಲ್ಲೇ ಅದಾನ್ರಿ," ಎಂದಳು ಅಧ್ಯಕ್ಷರ ಮೊಮ್ಮಗಳು. "ಹಾಲುಮತದವ್ರು ಮಣ್ಣಾಗ ಇಡ್ತೀವ್ರಿ."

"ಗೊತ್ತೈತಿ. ನಿಮ್ಮ ಹೊಲದ ಬದುವಿನ್ಯಾಗ, ಹುಣಸಿ ಗಿಡದ ಮಗ್ಗಲ. ಮಣ್ಣ ಕೊಡಾಕ ನಾನೂ ಬಂದಿದ್ದೆ."

ಹಿಂದಿನ ಬೆಂಚಿನಲ್ಲಿ ಅಧ್ಯಕ್ಷರು ಕಂಬಳಿಯ ಅಂಚಿನಿಂದ ಮುಖ ಒರೆಸಿಕೊಂಡರು. ಆದರೆ ನಾನು ಹೆದರಿದಂತೆ ಏನೂ ಆಗಲಿಲ್ಲ. ಒಬ್ಬೊಬ್ಬ ಮಗುವೂ ತನ್ನವರು ಯಾರು ಎಲ್ಲಿ ಉಳಿದರೆಂದು ಹೇಳತೊಡಗಿತು. ಗಂಟೆ ಹೊಡೆದ ಮೇಲೂ ಯಾರೂ ಏಳಲಿಲ್ಲ. ಮೌಲಾನಾರ ಮಗಳು ತನ್ನ ಅಜ್ಜ ರೊಟ್ಟಿಗೆ ಕೆನೆಮೊಸರು ಹಚ್ಚಿಕೊಡುತ್ತಿದ್ದನೆಂದು ಹೇಳಿದಳು. ಆ ತರಗತಿಯಲ್ಲಿ ಅವಳ ದನಿಯನ್ನು ನಾನು ಅಷ್ಟು ದೀರ್ಘವಾಗಿ ಕೇಳಿದ್ದು ಅದೇ ಮೊದಲು.

ಏಪ್ರಿಲ್‌ನಲ್ಲಿ ನೀರು ಸರಿಯಿತು. ಅಧ್ಯಕ್ಷರ ಟ್ರ್ಯಾಕ್ಟರಿನಲ್ಲಿ ಅವರ ಮನೆಯವರೂ ಮೌಲಾನಾರ ಮನೆಯವರೂ ಕೂಡಿ ಹಳೆಯ ಊರಿಗೆ ಹೋಗಿದ್ದರೆಂದು ಮಕ್ಕಳು ಹೇಳಿದರು. ಕೆಸರು ಬಿರಿದ ನೆಲದಲ್ಲಿ ಒಬ್ಬರು ಫಾತಿಹಾ ಓದುವ ತನಕ ಇನ್ನೊಬ್ಬರು ಕಾದರಂತೆ. ಆಮೇಲೆ ಇವರು ಭಂಡಾರದ ಅರಿಶಿನ ಏರಿಸಿ ಕಾಯಿ ಒಡೆಯುವ ತನಕ ಅವರು ಕಾದರಂತೆ. ಬುತ್ತಿಯನ್ನು ದಂಡೆಯ ಮೇಲೆ ಕೂತು ಒಟ್ಟಿಗೆ ಉಂಡರಂತೆ.