ಗುಲಾಬಿ ಸ್ವೆಟರಿನ ಕೊರಳ ಚೀಟಿ

ನನ್ನ ನೆಗೆಣ್ಣಿಯ ಮೇಲೆ ನನಗೆ ಹೊಟ್ಟೆಕಿಚ್ಚಿತ್ತು. ಈಗಲೂ ಇದೆ, ಸುಳ್ಳೇಕೆ ಹೇಳಲಿ. ಅವಳು ನನ್ನ ಮೈದುನನ ಹೆಂಡತಿ. ಧುಪದಾಳದ ಒಂದೇ ಮನೆಯಲ್ಲಿ ಇಬ್ಬರೂ ಸೊಸೆಯರು. ಅತ್ತೆಯ ಕಟ್ಟಳೆಯಂತೆ ಇಬ್ಬರಿಗೂ ಬಟ್ಟೆ ಒಂದೇ ದಿನ, ಒಂದೇ ಅಂಗಡಿಯಲ್ಲಿ. ಆರಿಸುವ ಹಕ್ಕು ಮೊದಲು ಹಿರಿಸೊಸೆಗೆ. ಆ ಮನೆಯಲ್ಲಿ ನನಗೆಂದು ಇದ್ದದ್ದು ಅದೊಂದೇ ಹಕ್ಕು.

ಅರವತ್ತರ ದಶಕದ ಕೊನೆಯ ಒಂದು ಚಳಿಗಾಲ ಗೋಕಾಕದ ಅಂಗಡಿಗೆ ಮುಂಬೈಯಿಂದ ವಿಲಾಯತಿ ಸ್ವೆಟರುಗಳು ಬಂದವು. ಗಂಡಂದಿರೊಂದಿಗೆ ಇಬ್ಬರೂ ಹೋದೆವು. ನಮ್ಮ ಅಳತೆಯವು ಎರಡೇ ಇದ್ದವು, ಒಂದು ಗುಲಾಬಿ, ಒಂದು ಬೂದಿ ಬಣ್ಣದ್ದು. ಬೆಲೆ ಎರಡಕ್ಕೂ ಒಂದೇ. ಗುಲಾಬಿಯದನ್ನು ಎತ್ತಿಕೊಂಡೆ. ಎಷ್ಟು ಮೆತ್ತಗಿತ್ತೆಂದರೆ ಕೈ ಬಿಡಲು ಮನಸ್ಸಾಗಲಿಲ್ಲ.

"ತಗೋರಿ ಅಕ್ಕಾ, ನಿಮಗ ಒಪ್ಪತೈತಿ," ಎಂದಳು ನೆಗೆಣ್ಣಿ. ಕಣ್ಣು ಮಾತ್ರ ಅದರ ಮೇಲೆಯೇ ಇತ್ತು.

ಹಾಳಾದ ಅಭ್ಯಾಸ ನನ್ನದು. ನನ್ನಣ್ಣ ಮುಂಬೈಯ ಲಾಂಡ್ರಿಯಲ್ಲಿದ್ದ. ಮದುವೆಗೆ ಮುಂಚೆ ಅವನ ಖೋಲಿಯಲ್ಲಿದ್ದಾಗ ವಿಲಾಯತಿ ಬಟ್ಟೆಯ ಗುರುತುಗಳನ್ನು ನನಗೆ ಕಲಿಸಿದ್ದ. ಕೊರಳ ಹಿಂದಿನ ಚೀಟಿ ತಿರುವಿ ನೋಡಿದೆ. ನೀರಿನ ತೊಟ್ಟಿಯ ಚಿತ್ರದ ಮೇಲೆ ಅಡ್ಡಗೀಟು, ಪಕ್ಕದಲ್ಲಿ ದುಂಡು ಗೆರೆಯೊಳಗೆ ಇಂಗ್ಲಿಷಿನ 'ಪಿ' ಅಕ್ಷರ. ಬೂದಿಯದರಲ್ಲಿ ತೊಟ್ಟಿಗೆ ಗೀಟಿರಲಿಲ್ಲ, ಒಳಗೆ ಮೂವತ್ತು ಎಂದಿತ್ತು. ಉಗುರುಬೆಚ್ಚಗಿನ ನೀರು ಸಾಕು.

"ಗುಲಾಬಿದ ನೀರಿಗಿ ಹಾಕಂಗಿಲ್ರಿ," ಎಂದು ನನ್ನ ಗಂಡನಿಗೆ ಹೇಳಿದೆ. "ಪ್ರತಿ ಸಲ ಬೆಳಗಾವಿಗಿ ಒಯ್ದು ಡ್ರೈಕ್ಲೀನ್ ಮಾಡಸಬೇಕು. ರೇಲ್ವೆ ಚಾರ್ಜು, ಅಂಗಡ್ಯಾಂವನ ರೊಕ್ಕ ಕೂಡಸಿದ್ರ ಇದು ಬಾಳ ತುಟ್ಟಿ ಬೀಳತೈತಿ."

ಹೇಳಿ ಅವರ ಮುಖ ನೋಡುತ್ತ ನಿಂತೆ. ಇರಲಿ ತಗೋ ಅನ್ನಲಿ, ಒಂದು ಸಲ ಅನ್ನಲಿ ಎಂದು ಒಳಗೊಳಗೇ ಬೇಡುತ್ತಿದ್ದೆ.

"ಹಂಗಾರ ಬೂದಿದ ತಗೋ," ಎಂದರು ಅವರು. ಅಂಗಡಿಯವನ ಕಡೆ ತಿರುಗಿ, "ನಮ್ಮಾಕಿ ಬಾಳ ಶಾಣ್ಯಾ ಅದಾಳ," ಎಂದು ನಕ್ಕರು.

ಮೈದುನ ಅದನ್ನು ನನ್ನ ಕೈಯಿಂದ ಮೆಲ್ಲಗೆ ಇಸಿದುಕೊಂಡ. "ವೈನಿ, ನಿಮಗ ಬ್ಯಾಡಂದ್ರ ಇಕಿಗಿ ಇರಲಿ. ಬೆಳಗಾವಿಗಿ ನಾ ಒಯ್ತೀನಿ."

ಮತ್ತೆ ಖರೆಯೇ ಒಯ್ದ. ಕೊಳೆಯಾದಾಗಲೆಲ್ಲ ಘಟಪ್ರಭಾ ಸ್ಟೇಶನ್ನಿಗೆ ನಡೆದು ರೈಲು ಹತ್ತುತ್ತಿದ್ದ. ತಂದ ಪೊಟ್ಟಣವನ್ನು ತಾನೇ ಬಿಚ್ಚಿ, ಪಡಸಾಲೆಯಲ್ಲೇ ಅವಳ ಹೆಗಲಿಗೆ ಹೊದಿಸುತ್ತಿದ್ದ. ಅತ್ತೆ ಬೈದರೂ ಕೇಳುತ್ತಿರಲಿಲ್ಲ. ನಾನು ಹಿತ್ತಲಲ್ಲಿ ಬೂದಿಯದನ್ನು ಹಿಂಡದೆ ನೀರು ಒತ್ತಿ ತೆಗೆದು, ನೆರಳಿನ ಚಾಪೆಯ ಮೇಲೆ ಹರವುತ್ತಿದ್ದೆ. ಮೈಯೆಲ್ಲ ಉರಿಯುತ್ತಿತ್ತು.

ಒಂದು ದಿನ ಊಟಕ್ಕೆ ಕೂತ ಗಂಡನನ್ನು ತಡೆಯಲಾರದೆ ಕೇಳಿಯೇಬಿಟ್ಟೆ. "ನಾ ಗುಲಾಬಿದ ತಗೊಂಡಿದ್ರ ನೀವೂ ಬೆಳಗಾವಿಗಿ ಒಯ್ತಿದ್ರೇನ್ರಿ?"

"ನೀ ಅಂಥಾದ್ದ ತಗೊಳ್ಳಾಕಿ ಅಲ್ಲ ಬಿಡು," ಎಂದು ತಾಟು ಮುಂದಕ್ಕೆಳೆದುಕೊಂಡರು. ನಾನು ರೊಟ್ಟಿ ಬಡಿಸಿದೆ.